‘ರ‍್ಯಾಲಿ’ ಟೈಪಿಸಲು ಹೋದರೆ ಅರ್ಕಾವತ್ತು ಬರುತ್ತಿದೆಯೇ?

ಯೂನಿಕೋಡ್ ಕನ್ನಡದಲ್ಲಿ ಒತ್ತಕ್ಷರಗಳಿಗೆಂದು ಬೇರೆ ಸಂಕೇತಗಳಿಲ್ಲ. ಮೊದಲ ವ್ಯಂಜನ, ಅದರ ಹಿಂದೆ ವಿರಾಮ ಚಿಹ್ನೆ (್), ಬಳಿಕ ಎರಡನೇ ವ್ಯಂಜನ ಒತ್ತಿದರೆ ಎರಡನೆಯದು ತಾನಾಗಿ ಒತ್ತಾಗುತ್ತದೆ. ಇನ್‌ಸ್ಕ್ರಿಪ್ಟ್ ಕೀಲಿಮಣೆಯಲ್ಲಿ ವಿರಾಮ ಇರುವುದು d ಕೀಲಿಯಲ್ಲಿ, ಕಗಪ ವಿನ್ಯಾಸದಲ್ಲಿ f ಕೀಲಿಯಲ್ಲಿ. ಮೂರು ವ್ಯಂಜನ ಸೇರಿದರೆ ವಿರಾಮ ಎರಡು ಬೇಕು, ಸ್ವರಚಿಹ್ನೆ ಕೊನೆಗೆ. ಇನ್‌ಸ್ಕ್ರಿಪ್ಟ್‌ನಲ್ಲಿ ‘ಸ್ತ್ರೀ’ ಬರೆಯಲು m d l d j r ಒತ್ತಬೇಕು.

ತಕರಾರು ಶುರುವಾಗುವುದು ‘ರ’ ಮೊದಲು ಬಂದಾಗ. ರ, ವಿರಾಮ, ಯ ಒತ್ತಿದರೆ ಕಂಪ್ಯೂಟರ್ ಅದನ್ನು ಅರ್ಕಾವತ್ತು ಎಂದೇ ತಿಳಿಯುತ್ತದೆ. ‘ಸೂರ್ಯ’ನಿಗೆ ಇದು ಸರಿ. ‘ರ‍್ಯಾಲಿ’, ‘ರ‍್ಯಾಂಕ್’ಗಳಿಗೆ ಸರಿಯಲ್ಲ, ಪದದ ಮೊದಲಲ್ಲಿ ‘ಯಾ’ ಕಾಣಿಸಿಕೊಂಡು ಅರ್ಕಾವತ್ತು ಅದರ ಹಿಂದೆ ಕೂರುತ್ತದೆ. ರಕಾರವನ್ನು ಪೂರ್ತಿಯಾಗಿ ಉಳಿಸಿಕೊಳ್ಳಲು ‘ರ’ ಮತ್ತು ವಿರಾಮದ ನಡುವೆ ಜೀರೋ ವಿಡ್ತ್ ಜಾಯ್ನರ್ ಎಂಬ, ಕಣ್ಣಿಗೆ ಕಾಣದ ಅಕ್ಷರವನ್ನು ಹಾಕಬೇಕು:

```
ರ    U+0CB0
ZWJ  U+200D
್    U+0CCD
ಯ    U+0CAF
```

ವರ್ಡ್‌ನಲ್ಲಾದರೆ ‘ರ’ ಒತ್ತಿ, ಇಂಗ್ಲಿಷ್ ಕೀಲಿಮಣೆಗೆ ಬದಲಾಯಿಸಿ, 200D ಎಂದು ಬರೆದು Alt+X ಒತ್ತಿ. ಅಂಕಿಗಳು ಮಾಯವಾದರೆ ಜಾಯ್ನರ್ ಬಂತೆಂದೇ ಲೆಕ್ಕ. ಮತ್ತೆ ಕನ್ನಡಕ್ಕೆ ಮರಳಿ ಇನ್‌ಸ್ಕ್ರಿಪ್ಟ್‌ನಲ್ಲಿ d / e n f ಒತ್ತಿದರೆ ‘ರ‍್ಯಾಲಿ’ ಸಿದ್ಧ. ಲಿನಕ್ಸ್‌ನ ಬಹುಪಾಲು ತಂತ್ರಾಂಶಗಳಲ್ಲಿ Ctrl+Shift+U ಒತ್ತಿ, 200d ಬರೆದು, Enter ಕೊಟ್ಟರಾಯಿತು. ಪ್ರತಿಸಲ ಇಷ್ಟು ಸರ್ಕಸ್ ಯಾರಿಗೆ ಬೇಕು? ಒಮ್ಮೆ ಸರಿಯಾಗಿ ಮೂಡಿದ ‘ರ‍್ಯ’ವನ್ನು ಆಟೊಕರೆಕ್ಟ್‌ನಲ್ಲಿ ಉಳಿಸಿಕೊಳ್ಳುವುದೇ ಜಾಣತನ.

ಜಾಯ್ನರನ್ನು ವಿರಾಮದ ನಂತರ ಹಾಕಿದ ಹಳೆಯ ಪಠ್ಯಗಳೂ ಸಿಗುತ್ತವೆ. ಕೆಲವು ತಂತ್ರಾಂಶಗಳು ಅದನ್ನೂ ಹಾಗೇ ತೋರಿಸುವುದರಿಂದ ನೋಡಿ ಪತ್ತೆ ಹಚ್ಚಲಾಗದು. ಒಳಗಿನ ಕ್ರಮ ಬೇರೆಯಾದ್ದರಿಂದ ಹುಡುಕಿದಾಗ ಮಾತ್ರ ಪದ ಸಿಗದೆ ಹೋಗಬಹುದು.

‘ಕಂಪ್ಯೂಟರ್‌ನಲ್ಲಿ’ ಎಂಬುದಕ್ಕೆ ಬೇಕಾದ್ದು ಜಾಯ್ನರ್ ಅಲ್ಲ, ನಾನ್ ಜಾಯ್ನರ್. ಅದರ ಸಂಕೇತ 200C, ಜಾಗ ವಿರಾಮದ ನಂತರ. ಅದಿಲ್ಲದಿದ್ದರೆ ‘ಕಂಪ್ಯೂಟರ್ನಲ್ಲಿ’ ಎಂದಾಗಿ ಅರ್ಕಾವತ್ತು ನುಸುಳುತ್ತದೆ. ‘ಬಸ್’ ಎಂದು ಬರೆದು ಸ್ಪೇಸ್ ಕೊಡುವಾಗ ಇದರ ಅಗತ್ಯವೇ ಇಲ್ಲ. ಆದರೂ ಪದದ ಕೊನೆಗೆ ಅದನ್ನು ಅಂಟಿಸುವ ಟೈಪಿಂಗ್ ಉಪಕರಣಗಳಿವೆ. ಅನುಮಾನ ಬಂದರೆ ವಿರಾಮದ ಬಲಕ್ಕೆ ಕರ್ಸರ್ ಇಟ್ಟು ಒಮ್ಮೆ ಬ್ಯಾಕ್‌ಸ್ಪೇಸ್ ಒತ್ತಿ. ಪರದೆಯಲ್ಲಿ ಏನೂ ಬದಲಾಗದಿದ್ದರೆ ಅಳಿಸಿದ್ದು ಆ ಕಾಣದ ಅಕ್ಷರವನ್ನೇ.

ಎಲ್ಲಕ್ಕಿಂತ ಕೆಟ್ಟದ್ದು ಅರ್ಕಾವತ್ತಿನ ಬದಲು ಕನ್ನಡದ ಒಂಬತ್ತನ್ನು (೯) ಹಾಕಿ ‘ಸೂಯ೯’ ಎಂದು ಬರೆಯುವ ಚಾಳಿ. ಅಚ್ಚಿನಲ್ಲಿ ನೋಡಿದವರು ಮೋಸಹೋಗಬಹುದು. ‘ಸೂರ್ಯ’ ಎಂದು ಹುಡುಕಿದರೆ ಅದು ಸಿಗದು, ಪಠ್ಯವನ್ನು ಓದಿ ಹೇಳುವ ತಂತ್ರಾಂಶಕ್ಕೂ ಅದು ಬರೀ ಅಂಕಿ. ಹಳೆಯ ಕಡತದಲ್ಲಿ ೯ ಎಂದು ಹುಡುಕಿ, ಅಕ್ಷರಕ್ಕೆ ಅಂಟಿಕೊಂಡಿರುವುದನ್ನೆಲ್ಲ ಒಂದೊಂದಾಗಿ ತಿದ್ದಬೇಕು. ‘ಎಲ್ಲವನ್ನೂ ಬದಲಿಸು’ ಕೊಟ್ಟರೆ ನಿಜವಾದ ಒಂಬತ್ತುಗಳೂ ಹಾಳಾಗುತ್ತವೆ.