ಹೋದ ಹಣ ವಾಪಸ್ ಕೊಡಿಸುತ್ತೇವೆ ಎಂಬ ಕರೆ ಬಂದರೆ

ಆನ್‌ಲೈನ್ ಹೂಡಿಕೆಯಲ್ಲಿ ಮೋಸ ಹೋದವರಿಗೆ ಸ್ವಲ್ಪ ಸಮಯದ ನಂತರ ಇನ್ನೊಂದು ಕರೆ ಬರುವುದುಂಟು. ಕರೆ ಮಾಡಿದವನು ತನಿಖಾಧಿಕಾರಿ ಎನ್ನಬಹುದು, ವಕೀಲ ಎನ್ನಬಹುದು. ಎಷ್ಟು ಹಣ, ಯಾವ ದಿನ, ಯಾವ ಆ್ಯಪ್, ಎಲ್ಲ ಅವನ ಬಾಯಲ್ಲಿರುತ್ತದೆ. ನಂಬಿಕೆ ಹುಟ್ಟುವುದೇ ಅಲ್ಲಿ. ಆದರೆ ಮೋಸ ಹೋದವರ ಪಟ್ಟಿಗಳು ವಂಚಕರ ನಡುವೆ ಮಾರಾಟವಾಗುತ್ತವೆ. ಎಷ್ಟೋ ಸಲ ಮೊದಲು ದೋಚಿದ ಗುಂಪೇ ಮತ್ತೆ ಕರೆ ಮಾಡುತ್ತದೆ.

ಮೊದಲು ಕರೆ ಕಟ್ ಮಾಡಿ. ಅವನು ಹೇಳಿದ ಕಚೇರಿಯ ನಂಬರನ್ನು ನೀವೇ ಹುಡುಕಿ ವಿಚಾರಿಸಿ. ಅವನೇ ಕಳಿಸಿದ ನಂಬರ್, ಲಿಂಕ್, ಗುರುತಿನ ಚೀಟಿಯ ಫೋಟೊ ಲೆಕ್ಕಕ್ಕಿಲ್ಲ.

ಒಂದು ಉದಾಹರಣೆ ನೋಡೋಣ. ಕಳೆದದ್ದು 10,000 USDT, ಅಂದರೆ ಡಾಲರ್ ಬೆಲೆಗೆ ಹೊಂದಿಸಿದ ಕ್ರಿಪ್ಟೊ ಟೋಕನ್ ಎಂದಿಟ್ಟುಕೊಳ್ಳಿ. ಒಂದು ವೆಬ್‌ಸೈಟ್‌ಗೆ ಲಾಗಿನ್ ಕೊಡುತ್ತಾರೆ. ಅಲ್ಲಿ ನಿಮ್ಮ ಹೆಸರಿನಲ್ಲಿ 9,800 ಜಮೆಯಾಗಿರುವಂತೆ ಕಾಣುತ್ತದೆ. ಬಿಡಿಸಿಕೊಳ್ಳಲು ಶೇ 5, ಅಂದರೆ 490 ಕಟ್ಟಿ ಎನ್ನುತ್ತಾರೆ. ಕಟ್ಟಿದರೆ ತೆರಿಗೆ ಬಾಕಿ, ಅದಾದ ಮೇಲೆ ಯಾವುದೋ ಪ್ರಮಾಣಪತ್ರದ ಶುಲ್ಕ. ‘ಜಮೆಯಾದದ್ದರಲ್ಲೇ ಹಿಡಿದುಕೊಳ್ಳಿ’ ಎಂದು ಹೇಳಿ ನೋಡಿ. ಹಣ ಲಾಕ್ ಆಗಿದೆ, ನಿಯಮ ಬಿಡುವುದಿಲ್ಲ ಎಂಬ ಉತ್ತರ ಬರುತ್ತದೆ. ಹಿಡಿದುಕೊಳ್ಳಲು ಅಲ್ಲಿ ಹಣವೇ ಇಲ್ಲ, ಇರುವುದು ಯಾರೋ ಟೈಪ್ ಮಾಡಿದ ಅಂಕಿ.

ಇದನ್ನು ಪರೀಕ್ಷಿಸಲು ಟ್ರಾನ್ಸಾಕ್ಷನ್ ಹ್ಯಾಶ್, ಅಂದರೆ ಆ ವರ್ಗಾವಣೆಯ ಗುರುತಿನ ಸಂಖ್ಯೆ ಕೇಳಿ. ವರ್ಗಾವಣೆ ದಾಖಲಾದ ಬ್ಲಾಕ್‌ಚೈನ್, ಅಂದರೆ ಎಲ್ಲರೂ ನೋಡಬಹುದಾದ ಲೆಕ್ಕದ ಪುಸ್ತಕ, ಈಥೀರಿಯಂ ಆದರೆ etherscan.io, ಟ್ರಾನ್ ಆದರೆ tronscan.org ವಿಳಾಸವನ್ನು ನೀವೇ ಟೈಪ್ ಮಾಡಿ, ಅಲ್ಲಿ ಹ್ಯಾಶ್ ಹಾಕಿ ನೋಡಿ. ಸಿಗದಿದ್ದರೆ ಮಾತು ಮುಗಿಯಿತು. ಸಿಕ್ಕರೂ ಹಿಗ್ಗಬೇಡಿ: USDT ಎಂಬ ಹೆಸರಿನಲ್ಲಿ ಯಾರು ಬೇಕಾದರೂ ಕಾಸಿಗೆ ಬಾರದ ಟೋಕನ್ ಸೃಷ್ಟಿಸಬಹುದು. ಅಸಲಿ ವರ್ಗಾವಣೆಯೇ ಆಗಿದ್ದರೂ ಯಾರದೋ ಹಣ ಎಲ್ಲಿಗೋ ಹೋಯಿತು ಎಂಬುದಷ್ಟೇ ಅದರಿಂದ ಗೊತ್ತಾಗುವುದು, ಅದು ನಿಮ್ಮದೆಂದಲ್ಲ.

ನಿಜವಾದ ದಾರಿಗಳು ಕಡಿಮೆ. ಬ್ಲಾಕ್‌ಚೈನ್‌ನಲ್ಲಿ ದೃಢಪಟ್ಟ ವರ್ಗಾವಣೆಯನ್ನು ಯಾವ ಹ್ಯಾಕರ್‌ಗೂ ಹಿಂದಿರುಗಿಸಲಾಗದು. ಹಣ ಎಕ್ಸ್‌ಚೇಂಜ್ ಒಂದಕ್ಕೆ ತಲುಪಿ ಇನ್ನೂ ಅಲ್ಲೇ ಇದ್ದರೆ, ಪೊಲೀಸ್ ಅಥವಾ ಕೋರ್ಟ್ ಸೂಚನೆ ಮೇರೆಗೆ ಅದನ್ನು ತಡೆಹಿಡಿಯುವ ಸಾಧ್ಯತೆ ಇದೆ. ಕಾರ್ಡ್‌ನಲ್ಲಿ ಪಾವತಿಸಿದ್ದರೆ ಚಾರ್ಜ್‌ಬ್ಯಾಕ್‌ಗೆ, ಅಂದರೆ ಆ ಪಾವತಿಯನ್ನು ಹಿಂಪಡೆಯಲು, ನಿಮ್ಮ ಬ್ಯಾಂಕ್‌ನಲ್ಲೇ ಅರ್ಜಿ ಕೊಡಬೇಕು. ಅದಕ್ಕೆ ಗಡುವಿದೆ, ತಡಮಾಡುವಂತಿಲ್ಲ. ವಕೀಲರು ಮುಂಗಡ ಕೇಳುವುದು ಸಹಜವೇ, ಆದರೆ ಅದು ಕೆಲಸಕ್ಕೆ ಕೊಡುವ ಶುಲ್ಕ. ಹಣ ಬಂದೇ ಬರುತ್ತದೆ ಎಂದು ಖಾತರಿ ಕೊಡುವವರಿಂದ ದೂರವಿರಿ.

ಈಗಾಗಲೇ ಶುಲ್ಕ ಕಟ್ಟಿದ್ದರೆ ಕೂಡಲೇ ಬ್ಯಾಂಕ್‌ಗೆ ತಿಳಿಸಿ. ವಂಚಕರು ಹೇಳಿದಂತೆ ನಿಮ್ಮ ಸಾಧನವನ್ನು ದೂರದಿಂದ ನಿಯಂತ್ರಿಸಲು ಬಿಡುವ ಎನಿಡೆಸ್ಕ್‌ನಂಥ ಆ್ಯಪ್ ಹಾಕಿಕೊಂಡಿದ್ದರೆ ಇಂಟರ್ನೆಟ್ ಆಫ್ ಮಾಡಿ ಅದನ್ನು ತೆಗೆದುಹಾಕಿ, ಪಾಸ್‌ವರ್ಡ್‌ಗಳನ್ನು ಬೇರೆ ಸಾಧನದಿಂದ ಬದಲಿಸಿ. ಕ್ರಿಪ್ಟೊ ವಾಲೆಟ್‌ಗೆ ಮೂಲ ಕೀಲಿಯಾದ ಸೀಡ್ ಪದಗಳನ್ನು ಹೇಳಿಬಿಟ್ಟಿದ್ದರೆ ಪಾಸ್‌ವರ್ಡ್ ಬದಲಿಸಿ ಪ್ರಯೋಜನವಿಲ್ಲ. ಹೊಸ ಸೀಡ್ ಇರುವ ವಾಲೆಟ್ ತೆರೆದು ಉಳಿದದ್ದನ್ನು ಅಲ್ಲಿಗೆ ಸಾಗಿಸಿ. ಬ್ಲಾಕ್ ಮಾಡುವ ಮೊದಲು ಚಾಟ್, ನಂಬರ್, ವಾಲೆಟ್ ವಿಳಾಸಗಳನ್ನು ಉಳಿಸಿಕೊಂಡು ಹಳೆಯ ದೂರಿಗೇ ಸೇರಿಸಿ. ಎರಡೂ ಸಲದ ವಿಳಾಸಗಳು ಹೊಂದಿಕೆಯಾದರೆ ಗುಂಪು ಒಂದೇ ಎಂಬುದಕ್ಕೆ ತನಿಖೆಯವರಿಗೆ ಸುಳಿವು ಸಿಗುತ್ತದೆ.