ಹೋಟೆಲ್‌ನಲ್ಲಿ 14 ಜನಕ್ಕೆ ಊಟ ಹೇಳುವಾಗ

ಹೋದ ಭಾನುವಾರ ನಮ್ಮ ಮನೆಯವರು 14 ಜನ ದಾವಣಗೆರೆಯ ಒಂದು ಹೋಟೆಲ್‌ಗೆ ರಾತ್ರಿ ಊಟಕ್ಕೆ ಹೋಗಿದ್ದೆವು. ನನ್ನ ತಂಗಿ ಮಗ ಮೆನು ಹಿಡಿದು "ಯಾರ್ಯಾರಿಗೆ ಏನೇನು ಬೇಕು ಹೇಳಿ" ಅಂದ. ಅಲ್ಲೇ ಕೆಟ್ಟಿತು. ಒಬ್ಬೊಬ್ಬರದು ಒಂದೊಂದು, ಏಳು ಥರದ ಗ್ರೇವಿ ಒಂದೊಂದೇ ಬಟ್ಟಲು ಬಂತು. ಪನೀರ್ ಬಟರ್ ಮಸಾಲ ಆ ತುದಿಯಲ್ಲೇ ಖಾಲಿ, ವೆಜ್ ಕೊಲ್ಹಾಪುರಿ ನಮ್ಮ ಕಡೆ ಯಾರೂ ಮುಟ್ಟದೆ ಎಣ್ಣೆ ಕಟ್ಟಿಕೊಂಡು ಕೂತಿತ್ತು. ಒಟ್ಟಿಗೇ ತರಿಸಿದ 28 ನಾನ್‌ನಲ್ಲಿ ಒಂಬತ್ತು ಚಪ್ಪಲಿ ಚರ್ಮದ ಹಾಗಾಗಿ ಉಳಿದವು. ಇಂಥದ್ದನ್ನು ನೋಡಿ ನೋಡಿ ಸಾಕಾಗಿ ಬರೆಯುತ್ತಿದ್ದೇನೆ.

ಮೊದಲು, ಹೇಳುವವರು ಒಬ್ಬರೇ ಇರಬೇಕು. ಬೇಡದ್ದು ಏನು ಅಂತ ಮಾತ್ರ ಎಲ್ಲರನ್ನೂ ಕೇಳಿ. ಯಾರಿಗೆ ಖಾರ ಆಗಲ್ಲ, ಯಾರು ಬೆಳ್ಳುಳ್ಳಿ ತಿನ್ನಲ್ಲ, ಇಷ್ಟು ಸಾಕು. ಸಣ್ಣ ಮಕ್ಕಳನ್ನು ಇಬ್ಬರಿಗೆ ಒಬ್ಬರಂತೆ ಲೆಕ್ಕ ಹಿಡಿಯಿರಿ. ನಮ್ಮಲ್ಲಿ ನಾಲ್ಕು ಮಕ್ಕಳು, ಅಂದರೆ ಹನ್ನೆರಡು ಹೊಟ್ಟೆ.

ಆಮೇಲೆ ಒಂದು ವಿಷಯ ತಿಳಿದಿರಲಿ. ಮೆನುವಿನಲ್ಲಿ ಹೆಸರು ಬೇರೆ ಬೇರೆ ಇದ್ದರೂ ಪನೀರ್ ಬಟರ್ ಮಸಾಲ, ಕಾಜು ಮಸಾಲ, ವೆಜ್ ಮಖನಿ ಇವೆಲ್ಲ ಹೆಚ್ಚುಕಮ್ಮಿ ಒಂದೇ ಟೊಮೆಟೊ, ಈರುಳ್ಳಿ, ಗೋಡಂಬಿ ರುಬ್ಬಿದ ಕೆಂಪು ಮಸಾಲೆ. ಮೂರೂ ತರಿಸಿದರೆ ಒಂದನ್ನೇ ಮೂರು ಸಲ ತಿಂದಂತೆ. ಕೆಂಪಿನದು ಒಂದು, ಪಾಲಕ್‌ನಂಥ ಹಸಿರಿನದು ಒಂದು, ದಾಲ್ ಫ್ರೈ ಒಂದು. ಮೂರೇ ಥರ ಸಾಕು.

ಈಗ ನಾನು ಯಾವತ್ತೂ ಬಿಡದ ಕ್ರಮ ಹೇಳುತ್ತೇನೆ, ಸರಿಯಾಗಿ ಕೇಳಿ. ಉದ್ದ ಟೇಬಲ್ ಅನ್ನು ಮನಸ್ಸಿನಲ್ಲೇ ಎರಡು ಭಾಗ ಮಾಡಿಕೊಳ್ಳಿ, ಆ ಕಡೆ ಏಳು ಜನ, ಈ ಕಡೆ ಏಳು ಜನ. ಮಕ್ಕಳನ್ನೂ ಎರಡು ಕಡೆಗೆ ಹಂಚಿ ಕೂರಿಸಿ, ಒಂದೇ ಕಡೆ ಕೂತರೆ ಆ ಕಡೆಯದು ಉಳಿಯುತ್ತದೆ, ಈ ಕಡೆಗೆ ಸಾಲದು. ಏನು ಹೇಳಿದರೂ ಎರಡೆರಡು ಹೇಳಿ. ಸಪ್ಲೈಯರ್‌ಗೂ ಬಿಡಿಸಿ ಹೇಳಿ, "ಅಣ್ಣಾ, ಆ ತುದಿಗೊಂದು, ಈ ತುದಿಗೊಂದು" ಅಂತ. ಬಟ್ಟಲನ್ನು ಟೇಬಲ್ ಕೊನೆಗೆ ಇಡಿಸಬೇಡಿ, ಎರಡನೇ ಮೂರನೇ ಕುರ್ಚಿ ನಡುವೆ ಇಟ್ಟರೆ ಏಳೂ ಜನಕ್ಕೆ ಕೈ ಎಟಕುತ್ತದೆ, ಯಾರೂ ಎದ್ದು ಸೀರೆಗೆ ಸಾರು ಹಚ್ಚಿಕೊಳ್ಳಬೇಕಿಲ್ಲ. ಎಷ್ಟು ಬಟ್ಟಲು ಅನ್ನುವುದಕ್ಕೆ ಸಪ್ಲೈಯರ್ ಬಾಯಿಮಾತು ನಂಬಬೇಡಿ, ಖಾಲಿ ಬಟ್ಟಲು ತೋರಿಸಿ ಅಂತ ಕೇಳಿ. ನಾಚಿಕೆ ಯಾಕೆ, ದುಡ್ಡು ಕೊಡುವವರು ನಾವಲ್ವಾ? ನಮ್ಮ ಮನೆ ಸಾರಿನ ಸೌಟಿನಲ್ಲಿ ನಾಲ್ಕು ಸೌಟು ಹಿಡಿಯುವ ಹಾಗಿದ್ದರೆ ಮೂರು ಥರ ಎರಡೆರಡು, ಒಟ್ಟು ಆರು ಬಟ್ಟಲು ಹನ್ನೆರಡು ಹೊಟ್ಟೆಗೆ ಸರಿ. ಬಟ್ಟಲು ಅದಕ್ಕಿಂತ ಸಣ್ಣದಿದ್ದರೆ ದಾಲ್ ಮಾತ್ರ ಹೆಚ್ಚಿಸಿ, ಅದು ಕಡೆಗೆ ಅನ್ನಕ್ಕೂ ಆಗುತ್ತದೆ.

ನಮ್ಮ ಅತ್ತೆ ಪಂಕ್ತಿಯಲ್ಲಿ ಬಡಿಸುವಾಗ ಮೊದಲ ಸುತ್ತು ಬೇಕೆಂತಲೇ ಕಮ್ಮಿ ಬಡಿಸುತ್ತಿದ್ದರು. ಎಲೆ ನೋಡಿಕೊಂಡು ಎರಡನೇ ಸುತ್ತು ಬರುತ್ತಿದ್ದರು. ರೋಟಿಗೂ ಅದೇ. ಮೊದಲು ತಲೆಗೊಂದು, ಮಕ್ಕಳಿಗೆ ಅರ್ಧ, ಅಂದರೆ ಹನ್ನೆರಡು. ಅದು ಅರ್ಧ ಮುಗಿದಾಗಲೇ ಕೈ ಎತ್ತಿಸಿ ಎಣಿಸಿ ಎರಡನೇ ಸಲದ್ದು ಹೇಳಿಬಿಡಿ, ತಟ್ಟೆ ಖಾಲಿ ಆದಮೇಲೆ ಹೇಳಿದರೆ ತಂದೂರಿನಿಂದ ಬರುವಷ್ಟರಲ್ಲಿ ಕೈ ಒಣಗುತ್ತದೆ. ಹಲ್ಲಿಲ್ಲದ ಹಿರಿಯರಿಗೆ ನಾನ್ ಬೇಡ, ಫುಲ್ಕಾ ಹೇಳಿ.

ಸೂಪ್ ಬೇಕೆಂದವರಿಗೆ ಬೈ ಟು. ಗೋಬಿ ಮಂಚೂರಿ ಆ ಕಡೆಗೊಂದು, ಈ ಕಡೆಗೊಂದು ಪ್ಲೇಟ್, ಮತ್ತೆ ತರಿಸಬೇಡಿ. ಸಂಜೆ ಮಂಡಕ್ಕಿ ಮಿರ್ಚಿ ತಿಂದು ಹೊರಟಿದ್ದರೆ ಅದೂ ಬೇಡ. ಮಂಡಕ್ಕಿ ಅಂದ ಕೂಡಲೇ ನೆನಪಾಯಿತು, ನಮ್ಮ ಸೊಸೆ ಡಬ್ಬದ ಮುಚ್ಚಳ ಸುಮ್ನೆ ಮೇಲಿಟ್ಟು ಹೋಗುತ್ತಾಳೆ, ಬೆಳಗ್ಗೆ ನೋಡಿದರೆ ಮೆತ್ತಗೆ. ಬಿಗಿಯಾಗಿ ಮುಚ್ಚಿರಮ್ಮಾ. ಮೆತ್ತಗಾದದ್ದನ್ನು ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಒಂದು ಗಳಿಗೆ ಆಡಿಸಿದರೆ ಮತ್ತೆ ಗರಿಗರಿ ಆಗುತ್ತದೆ.

ಅನ್ನ ಮಾತ್ರ ಮೊದಲೇ ಹೇಳಬೇಡಿ. ಎರಡನೇ ಸಲದ ರೋಟಿ ಮುಗಿಯುತ್ತಾ ಬಂದಾಗ ಬಟ್ಟಲುಗಳನ್ನು ನೋಡಿ. ದಾಲ್ ಉಳಿದಿದ್ದರೆ ಜೀರಾ ರೈಸ್ ಎರಡು ಪ್ಲೇಟ್, ಮೊಸರನ್ನ ಎರಡು ಪ್ಲೇಟ್, ಅಷ್ಟೇ. ದಾಲ್ ಉಳಿದಿಲ್ಲದಿದ್ದರೆ ಜೀರಾ ರೈಸ್ ಬೇಡ, ಬಿರಿಯಾನಿ ಹೇಳಿ, ಅದಕ್ಕೆ ರಾಯ್ತ ಜೊತೆಗೇ ಬರುತ್ತದೆ. ಆದರೆ ಮಾತಿನಲ್ಲಿ ಹೊತ್ತು ಕಳೆಯಬೇಡಿ, ಕಡೇ ಆರ್ಡರ್ ಎಷ್ಟು ಗಂಟೆಗೆ ಅಂತ ಕೂತ ಕೂಡಲೇ ಕೇಳಿ ಇಟ್ಟುಕೊಳ್ಳಿ.