ಒಂದು ಜೋಕಿಗೆ ಐದು ಜೊತೆ ಕಿವಿ

ನನ್ನ ಹತ್ತಿರ ಒಂದು ಸೊಳ್ಳೆ ಜೋಕಿದೆ. ವೇದಿಕೆ ಮೇಲೆ ಹೇಳಿದರೆ ಅರ್ಧ ನಿಮಿಷವೂ ಆಗುವುದಿಲ್ಲ. ಅದನ್ನು ಆ ಅಳತೆಗೆ ತರಲು ಮೂರು ವಾರ ಹಿಡಿಯಿತು, ಐದು ಜನರ ಕಿವಿ ಖರ್ಚಾಯಿತು. ಖರ್ಚು ಅಂತಲೇ ಹೇಳಬೇಕು. ಯಾಕಂದರೆ ಒಂದು ಜೋಕನ್ನು ಯಾರೇ ಆಗಲಿ ಹೊಸದಾಗಿ ಕೇಳುವುದು ಒಂದೇ ಸಲ. ಎರಡನೇ ಸಲ ಕೊನೆ ಗೊತ್ತಿರುತ್ತದೆ. ಆಗ ನಕ್ಕರೆ ಅದು ನನ್ನ ಮೇಲಿನ ಪ್ರೀತಿಗೆ ನಕ್ಕಿದ್ದು, ಜೋಕಿಗಲ್ಲ.

ಮೊದಮೊದಲು ನನಗೆ ಇಷ್ಟು ಬುದ್ಧಿ ಇರಲಿಲ್ಲ. ಹೊಸ ಜೋಕು ಹೊಳೆದ ಕೂಡಲೇ ಐದೂ ಜನರನ್ನು ಕೂರಿಸಿಕೊಂಡು ಹೇಳಿಬಿಡುತ್ತಿದ್ದೆ. ಅವರಲ್ಲಿ ನನ್ನ ಗೆಳೆಯನೊಬ್ಬ ಗಾಳಿ ಬೀಸಿದರೂ ನಗುವವನು. ಅವನು ಶುರು ಮಾಡಿದರೆ ಮಿಕ್ಕವರೂ ನಗುತ್ತಿದ್ದರು. ಯಾರು ಜೋಕಿಗೆ ನಕ್ಕರು, ಯಾರು ಅವನ ನಗೆಗೆ ನಕ್ಕರು ಅಂತ ತಿಳಿಯುತ್ತಿರಲಿಲ್ಲ. ಆಮೇಲೆ ತಿದ್ದಿ ಇನ್ನೊಮ್ಮೆ ಹೇಳೋಣ ಅಂದರೆ ಹೊಸ ಕಿವಿಯೇ ಉಳಿದಿರುತ್ತಿರಲಿಲ್ಲ. ಈಗ ಪಾಲು ಮಾಡಿಕೊಳ್ಳುತ್ತೇನೆ. ಮೊದಲು ಇಬ್ಬರು, ತಿದ್ದಿದ ಮೇಲೆ ಇಬ್ಬರು, ಕೊನೆಗೆ ಒಬ್ಬರು.

ಈ ಐದು ಜನರ ನಗೆಯ ಅಳತೆ ನನಗೆ ಬಾಯಿಪಾಠ. ಗೆಳೆಯ ಎಷ್ಟು ನಕ್ಕ ಅನ್ನುವುದಕ್ಕೆ ಬೆಲೆಯಿಲ್ಲ, ಯಾವ ಮಾತಿಗೆ ಶುರು ಮಾಡಿದ ಅನ್ನುವುದಕ್ಕಿದೆ. ಸೋದರಮಾವ ಅರ್ಥವಾಗದಿದ್ದರೆ "ಹ್ಞೂಂ" ಅನ್ನುತ್ತಾರೆ. ನನ್ನ ತಮ್ಮನಂತೂ ಬಾಯಿ ತೆರೆದು ನಗುವವನೇ ಅಲ್ಲ. ಮೂಗಿನಲ್ಲಿ ಒಂದು ಉಸಿರು ಬಿಟ್ಟರೆ ಅವನ ಲೆಕ್ಕದಲ್ಲಿ ಅದು ಗಹಗಹಿಸಿದ ಹಾಗೆ. ಅತ್ತಿಗೆಗೆ ನಿಜವಾಗಿ ನಗು ಬಂದರೆ ಬಾಯಿಗೆ ಕೈ ಅಡ್ಡ ಹೋಗುತ್ತದೆ. ಸುಮ್ನೆ ನಗುವಾಗ ಹೋಗುವುದಿಲ್ಲ. ಐದನೆಯವರು ನನ್ನ ಹಳೆಯ ಸಹೋದ್ಯೋಗಿ. ಅವರ ವಿಷಯ ಆಮೇಲೆ. ಯಾರೇ ಆದರೂ ನಗದೆ "ಚೆನ್ನಾಗಿದೆ" ಅಂದರೆ ಜೋಕು ಸತ್ತಿತು ಅಂತಲೇ ಅರ್ಥ.

ಜೋಕಿನ ಮೊದಲ ರೂಪ ಹೀಗಿತ್ತು:

"ಡಾಕ್ಟರು ದಿನಕ್ಕೆ 10 ಸಾವಿರ ಹೆಜ್ಜೆ ನಡೀರಿ ಅಂದ್ರು. ಹೆಜ್ಜೆ ಎಣಿಸೋ ವಾಚ್ ತಗೊಂಡೆ. ನಿಮ್ಮ ಕೈಲಿ ಆಗಲ್ಲ ಅಂದ್ಲು ನನ್ನ ಹೆಂಡತಿ. ಒಂದು ವಾರ ಬಿಟ್ಟು ಡಾಕ್ಟರ ಹತ್ತಿರ ಹೋದೆ. ಅವರು ವಾಚ್ ನೋಡಿ, ಪರವಾಗಿಲ್ವೇ, ದಿನಕ್ಕೆ 11 ಸಾವಿರ, ಎಲ್ಲಿ ನಡೀತೀರಿ ಅಂತ ಕೇಳಿದ್ರು. ರಾತ್ರಿಯೆಲ್ಲಾ ಹಾಸಿಗೆ ಮೇಲೆ ಸೊಳ್ಳೆ ಹೊಡೀತಾ ಕೈ ಬೀಸಿದ್ದನ್ನ ವಾಚ್ ಹೆಜ್ಜೆ ಅಂತ ಲೆಕ್ಕ ಹಾಕಿದೆ ಅಂತ ಹೇಳಿದೆ."

ಕಾಗದದ ಮೇಲೆ ಬರೆದು ಓದಿಕೊಂಡಾಗ ನನಗೆ ಬಹಳ ನಗು ಬಂದಿತ್ತು.

ಮೊದಲ ಪಾಳಿ ಗೆಳೆಯನದು ಮತ್ತು ಮಾವನದು. "ಒಂದು ಹೊಸ ಜೋಕು ಹೇಳ್ತೀನಿ ಕೇಳಿ" ಅಂತ ನಾನು ಶುರು ಮಾಡುವುದಿಲ್ಲ. ಹಾಗಂದರೆ ಎದುರಿಗಿದ್ದವರು ಕೇಳುಗರಾಗಿ ಉಳಿಯದೆ ಪರೀಕ್ಷಕರಾಗಿಬಿಡುತ್ತಾರೆ. ಮಾತಿನ ನಡುವೆ ಜಾಗ ಸಿಗುವವರೆಗೆ ಕಾಯುತ್ತೇನೆ. ಅವತ್ತು ಮಾವನೇ "ಏನಪ್ಪಾ, ಆರೋಗ್ಯ ಹೇಗಿದೆ?" ಅಂದರು. ಅಲ್ಲಿಂದಲೇ ಹಿಡಿದೆ. ಫೋನು ಮೇಜಿನ ಮೇಲೆ ರೆಕಾರ್ಡ್ ಮಾಡುತ್ತಿತ್ತು. ಈ ಐವರೂ ಇದಕ್ಕೆ ಎಂದೋ ಒಪ್ಪಿಗೆ ಕೊಟ್ಟಿದ್ದಾರೆ, ಈಗ ಫೋನಿನ ಕಡೆ ಯಾರೂ ನೋಡುವುದೂ ಇಲ್ಲ.

ಗೆಳೆಯ ನಕ್ಕ. ಮಾವ "ಹ್ಞೂಂ" ಅಂದರು.

ಮಾರನೇ ದಿನ ರೆಕಾರ್ಡಿಂಗ್ ಕೇಳಿದೆ. ಅದೇ ದಿನ ಕೇಳುವುದಿಲ್ಲ. ಹೇಳಿದ ಬಿಸಿಯಲ್ಲಿ ಎಲ್ಲವೂ ಚೆನ್ನಾಗಿ ಕೇಳಿಸುತ್ತದೆ. ನಾನು ಹುಡುಕುವುದು ನಗೆಯ ಗಾತ್ರವನ್ನಲ್ಲ, ನನ್ನ ಕೊನೆಯ ಪದಕ್ಕೂ ನಗೆಗೂ ನಡುವಿನ ಬಿಡುವನ್ನು. ಗೆಳೆಯನ ನಗೆ "ಹೇಳಿದೆ" ಅಂದ ಮೇಲೂ ಒಂದೂವರೆ ಸೆಕೆಂಡು ತಡವಾಗಿ ಬಂದಿತ್ತು. ಗಾಳಿಗೂ ನಗುವವನು ಅಷ್ಟು ತಡ ಮಾಡಿದ ಅಂದರೆ ತಲೆಯೊಳಗೆ ಏನೋ ಬಿಡಿಸುತ್ತಿದ್ದ ಅಂತ.

ಬಿಡಿಸಲೇಬೇಕಿತ್ತು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಅದರ ಹಿಂದೆ "ಅಂತ ಹೇಳಿದೆ" ಬಾಲ ಬೇರೆ. ನಗು ಇರುವುದು "ಸೊಳ್ಳೆ" ಅನ್ನುವ ಪದದಲ್ಲಿ. ಆ ಪದ ಆದ ಮೇಲೆ ನಾನು ಇನ್ನೂ ಒಂಬತ್ತು ಹತ್ತು ಪದ ಎಳೆದಿದ್ದೆ. ಕೇಳುವವರು ನಗುವನ್ನು ಬಾಯಲ್ಲಿ ಇಟ್ಟುಕೊಂಡು ನನ್ನ ವಾಕ್ಯ ಮುಗಿಯುವುದನ್ನು ಕಾಯಬೇಕು. ಅಷ್ಟರಲ್ಲಿ ಅದು ಆರಿಹೋಗುತ್ತದೆ. ಬರೆಯುವಾಗ ತಪ್ಪಿಲ್ಲದ ವಾಕ್ಯ, ಹೇಳುವಾಗ ಕಾಲಿಗೆ ತೊಡರುವ ವಾಕ್ಯ. ನನ್ನ ಜೋಕುಗಳಲ್ಲಿ ಅರ್ಧಕ್ಕರ್ಧ ಬಿದ್ದಿರುವುದು ಇದೇ ಬಾಲಕ್ಕೆ ಸಿಕ್ಕಿ.

ಮಾವನ "ಹ್ಞೂಂ" ಬೇರೆ ರೋಗ. ಅದನ್ನು ತಿಳಿಯಲು ಹಿಂದಿನ ದಿನವೇ ನಾನು "ಚೆನ್ನಾಗಿತ್ತಾ?" ಅಂತ ಕೇಳಿರಲಿಲ್ಲ. ಆ ಪ್ರಶ್ನೆಗೆ ಮರ್ಯಾದೆಯ ಉತ್ತರ ಬಿಟ್ಟರೆ ಬೇರೇನೂ ಬರುವುದಿಲ್ಲ. "ಮಾವ, ನಾನು ಈಗ ಹೇಳಿದ್ನಲ್ಲ, ಅದನ್ನ ನೀವು ಒಂದು ಸಲ ಹೇಳಿ" ಅಂದೆ. ಅವರು ಹೇಳಿದರು: ಡಾಕ್ಟರು, ವಾಚು, 11 ಸಾವಿರ, ನೀನು ನಿದ್ದೆಯಲ್ಲಿ ಎದ್ದು ನಡೀತೀಯ. ಸೊಳ್ಳೆ ಅವರ ಕಥೆಯಲ್ಲಿ ಇರಲೇ ಇಲ್ಲ! ಸೊಳ್ಳೆ ಎಲ್ಲಿ ಹೋಯಿತು ಅಂದರೆ, "ಅಲ್ಲಯ್ಯ, ವಾಚು ಕಟ್ಟೋದು ಕೈಗೆ. ಕಾಲಿನ ಹೆಜ್ಜೆ ಅದಕ್ಕೆ ಹೇಗೆ ಗೊತ್ತಾಗುತ್ತೆ?" ಅಂತ ನನ್ನನ್ನೇ ಕೇಳಿದರು.

ಅಲ್ಲಿ ಸಿಕ್ಕಿತು. ಆ ವಾಚು ಅಳೆಯುವುದು ಕೈಯ ಚಲನೆಯನ್ನು, ಅದರಿಂದ ಹೆಜ್ಜೆಯನ್ನು ಊಹಿಸುತ್ತದೆ. ಇದು ನನಗೆ ಗೊತ್ತು, ಗೆಳೆಯನಿಗೆ ಗೊತ್ತು, ಮಾವನಿಗೆ ಗೊತ್ತಿಲ್ಲ. ಇದು ಗೊತ್ತಿಲ್ಲದವರಿಗೆ ಜೋಕೇ ಇಲ್ಲ. ಇನ್ನೊಂದು ಲಾಭವೂ ಆಯಿತು. ಗೆಳೆಯನಿಂದಲೂ ಕಥೆ ಹೇಳಿಸಿದೆ. ಇಬ್ಬರೂ ನನ್ನ ಹೆಂಡತಿಯ ಮಾತನ್ನು ಬಿಟ್ಟು ಹೇಳಿದರು. ಇಬ್ಬರೂ ಬಿಟ್ಟ ಮಾತು ಜೋಕಿಗೆ ಬೇಡದ ಮಾತು. ಕಿತ್ತು ಹಾಕಿದೆ. (ಹೆಂಡತಿಗೆ ಅದರಿಂದ ಸಮಾಧಾನವೇ ಆಯಿತು.)

ಎರಡನೇ ಪಾಳಿಗೆ ಬಾಲ ಕತ್ತರಿಸಿದ್ದೆ. ಕೊನೆ ಹೀಗಿತ್ತು:

"ಡಾಕ್ಟರು ವಾಚ್ ನೋಡಿದ್ರು. ಈ ವಾಚ್ ಕಾಲು ನೋಡಲ್ಲ, ಕೈ ಬೀಸಿದ್ರೆ ಒಂದು ಹೆಜ್ಜೆ ಅಂತ ಎಣಿಸುತ್ತೆ. 'ದಿನಕ್ಕೆ 11 ಸಾವಿರ! ಎಲ್ಲಿ ನಡೀತೀರಿ?' 'ಹಾಸಿಗೆ ಮೇಲೆ.' ಡಾಕ್ಟರು ಸುಮ್ನಾದ್ರು. 'ಸೊಳ್ಳೆ.'"

ಕೇಳಿದವರು ತಮ್ಮ ಮತ್ತು ಅತ್ತಿಗೆ. "ಹಾಸಿಗೆ ಮೇಲೆ" ಅನ್ನುತ್ತಿದ್ದಂತೆ ತಮ್ಮನ ಮೂಗಿನಿಂದ ಉಸಿರು ಬಂತು. ಅತ್ತಿಗೆ ತಲೆ ತಗ್ಗಿಸಿ ಸೆರಗು ಸರಿಮಾಡಿಕೊಂಡರು. ನನಗೆ ಒಂದು ಕ್ಷಣ ಏನೂ ತಿಳಿಯಲಿಲ್ಲ. ಆಮೇಲೆ ಕಿವಿ ಬಿಸಿಯಾಯಿತು. ಕೈ ಬೀಸುವ ಮಾತು, ಅದರ ಬೆನ್ನಿಗೇ ಹಾಸಿಗೆಯ ಮಾತು. ಎರಡನ್ನೂ ನಾನೇ ಪಕ್ಕಪಕ್ಕ ತಂದಿಟ್ಟಿದ್ದೆ. ಒಬ್ಬನೇ ಓದಿಕೊಂಡಾಗ ನನಗೆ ಇದು ಹೊಳೆದೇ ಇರಲಿಲ್ಲ. ಗಾಬರಿಯಲ್ಲಿ "ಸೊಳ್ಳೆ, ಸೊಳ್ಳೆ" ಅಂತ ಎರಡು ಸಲ ಅಂದೆ. ಆಗ ಅತ್ತಿಗೆಯ ಕೈ ಬಾಯಿಗೆ ಹೋಯಿತು.

ಮನೆಗೆ ಬಂದು ಆ ಸಾಲನ್ನೇ ತೆಗೆಯಬೇಕು ಅಂದುಕೊಂಡಿದ್ದೆ. ರೆಕಾರ್ಡಿಂಗ್ ಕೇಳಿದ ಮೇಲೆ ಮನಸ್ಸು ಬದಲಾಯಿತು. "ಸೊಳ್ಳೆ" ಪದಕ್ಕೂ ಅತ್ತಿಗೆಯ ನಗೆಗೂ ನಡುವೆ ಬಿಡುವೇ ಇಲ್ಲ. ಅವರ ಮನಸ್ಸಿಗೆ ಬಂದ ಬೇರೆ ಯೋಚನೆಗೆ ಆ ಪದ ಬಾಗಿಲು ತೆರೆದು ಹೊರಗೆ ಕಳಿಸಿತ್ತು. ಅಂದರೆ ಮುಜುಗರ ಬೇಕು, ಆದರೆ ಚಿಟಿಕೆಯಷ್ಟು. ತಲೆ ತಗ್ಗಿಸುವಷ್ಟು ಬೇಡ. ಹಾಗಾಗಿ ಹಾಸಿಗೆಯನ್ನು ಅಲ್ಲೇ ಬಿಟ್ಟು, ಕೈ ಬೀಸುವ ಮಾತನ್ನು ದೂರ ಸಾಗಿಸಿದೆ. ವಾಚ್ ಕೊಂಡ ಕೂಡಲೇ ಅದು ಬರುತ್ತದೆ, ನಡುವೆ ಒಂದು ವಾರ ಕಳೆಯುತ್ತದೆ, ಆಮೇಲೆ ಡಾಕ್ಟರು. ಕೇಳುವವರಿಗೆ ವಿಷಯ ಗೊತ್ತಿರಬೇಕು, ಆದರೆ ನಾಲಿಗೆ ತುದಿಯಲ್ಲಿ ಇರಬಾರದು. ಬೇರೆ ಏನನ್ನೂ ಮುಟ್ಟಲಿಲ್ಲ. ಒಂದೇ ಏಟಿಗೆ ಮೂರು ಕಡೆ ತಿದ್ದಿದರೆ ಯಾವುದು ಕೆಲಸ ಮಾಡಿತು ಅಂತ ಗೊತ್ತಾಗುವುದಿಲ್ಲ.

ಅತ್ತಿಗೆ ಇನ್ನೊಂದು ಕೊಟ್ಟರು. ನಗು ನಿಂತ ಮೇಲೆ, "ಹಾಗಾದ್ರೆ ಡಾಕ್ಟರು ಕಿಟಕಿ ತೆಗೆದಿಟ್ಟು ಮಲ್ಕೋ ಅಂದಿರಬೇಕು" ಅಂದರು. ತಮ್ಮ ಬಾಯಿ ತೆರೆದು ನಕ್ಕ. ನನ್ನ ಜೋಕಿಗೆ ಮೂಗಿನ ಉಸಿರು, ಅವರ ಮಾತಿಗೆ ಪೂರ್ತಿ ನಗು. ಸ್ವಲ್ಪ ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ. ಕೇಳಿದವರು ಜೋಕನ್ನು ತಾವೇ ಮುಂದುವರಿಸಿದರು ಅಂದರೆ ಅದರಲ್ಲಿ ಜೀವವಿದೆ ಅಂತ ಲೆಕ್ಕ. "ಅತ್ತಿಗೆ, ಇದನ್ನ ನಾನು ಹೇಳಬಹುದಾ?" ಅಂತ ಕೇಳಿದೆ. "ಹೇಳ್ಕೋ. ನನ್ನ ಹೆಸರು ಮಾತ್ರ ಎತ್ತಬೇಡ" ಅಂದರು.

ಐದನೆಯ ಕಿವಿ ಆ ಸಹೋದ್ಯೋಗಿಯದು. ಅವರು ನನ್ನ ಜೋಕಿನ ನಡುವೆ ಬೇಸರವಾದರೆ ಫೋನು ತೆಗೆದು ನೋಡುವವರು. ಆ ನಿಷ್ಠುರಕ್ಕೇ ಅವರನ್ನು ಕೊನೆಗೆ ಉಳಿಸಿಕೊಳ್ಳುತ್ತೇನೆ. ಈ ಸಲ ಫೋನು ಜೇಬಿನಿಂದ ಹೊರಗೆ ಬರಲಿಲ್ಲ. "ಹಾಸಿಗೆ ಮೇಲೆ" ಅಂದಾಗ ಹುಬ್ಬು ಏರಿತು, "ಸೊಳ್ಳೆ" ಅಂದಾಗ ನಕ್ಕರು, "ಡಾಕ್ಟರು ಚೀಟಿಯಲ್ಲಿ ಬರೆದುಕೊಟ್ರು: ರಾತ್ರಿ ಕಿಟಕಿ ತೆಗೆದಿಡಿ" ಅಂದಾಗ ಇನ್ನೂ ಜಾಸ್ತಿ ನಕ್ಕರು. ಚೀಟಿಯಲ್ಲಿ ಬರೆಸಿದ್ದು ನಾನು. ಡಾಕ್ಟರು ಬಾಯಲ್ಲಿ ಹೇಳಿದರೆ ಮತ್ತೆ "ಅಂದ್ರು" ಬಾಲ ಅಂಟಿಕೊಳ್ಳುತ್ತಿತ್ತು.

ಇಷ್ಟಾದರೂ ವೇದಿಕೆ ಮೇಲೆ ಮೊದಲ ಸಲ ಎರಡು ಕಡೆ ಎಡವಿದೆ. ಎರಡೂ ಈ ಐವರಿಂದ ಗೊತ್ತಾಗುವಂಥದ್ದಲ್ಲ. ಒಂದು, ನಾನು ಎಂಥ ಸೋಮಾರಿ ಅಂತ ಅವರಿಗೆ ವರ್ಷಗಳಿಂದ ಗೊತ್ತು. 11 ಸಾವಿರ ಹೆಜ್ಜೆ ಅಂದ ಕೂಡಲೇ ಅವರಿಗೆ ಅನುಮಾನ ಬರುತ್ತದೆ. ಸಭೆಯಲ್ಲಿ ಕೂತ ಅಪರಿಚಿತರು ಅದನ್ನು ನಂಬಿಬಿಟ್ಟರು! ಈಗ ಶುರುವಿನಲ್ಲಿ "ನಾನು ರಿಮೋಟ್ ದೂರ ಇದೆ ಅಂತ ಬೇಡದ ಚಾನೆಲ್ ನೋಡೋ ಮನುಷ್ಯ" ಅಂತ ಒಂದು ಸಾಲು ಸೇರಿಸಿದ್ದೇನೆ.

ಎರಡನೆಯದು ಕಾಯುವ ಲೆಕ್ಕ. ಮನೆಯಲ್ಲಿ "ಹಾಸಿಗೆ ಮೇಲೆ" ಅಂದರೆ ಸಿಗುತ್ತಿದ್ದದ್ದು ಮೂಗಿನ ಉಸಿರು, ಏರಿದ ಹುಬ್ಬು. ಸಭೆಯಲ್ಲಿ ಅದಕ್ಕೇ ದೊಡ್ಡ ನಗೆ ಎದ್ದಿತು. ಅದು ನನಗೆ ಗೊತ್ತಿರಲಿಲ್ಲ. ಅಭ್ಯಾಸದ ಬಿಡುವಿಗೇ "ಸೊಳ್ಳೆ" ಅಂದೆ, ಆ ಪದ ನಗೆಯೊಳಗೆ ಮುಳುಗಿಹೋಯಿತು. ಹಿಂದಿನ ಸಾಲಿನಲ್ಲಿ ಯಾರೋ "ಏನಂದ್ರು?" ಅಂದಿದ್ದು ಮೈಕಿನವರೆಗೂ ಕೇಳಿಸಿತು. ಅಮೆರಿಕದ ಹಾಸ್ಯನಟರಾದ ಮಾರ್ಕ್ಸ್ ಸಹೋದರರು 1935ರ ತಮ್ಮ ಒಂದು ಸಿನಿಮಾದ ಚಿತ್ರೀಕರಣಕ್ಕೆ ಮುಂಚೆ ಅದರ ದೃಶ್ಯಗಳನ್ನು ಊರೂರುಗಳಲ್ಲಿ ರಂಗದ ಮೇಲೆ ಆಡಿ, ಜನ ಎಲ್ಲಿ ಎಷ್ಟು ಹೊತ್ತು ನಗುತ್ತಾರೆ ಅಂತ ಅಳೆದುಕೊಂಡಿದ್ದರು. ಯಾಕೆ ಅಂತ ನನಗೆ ಅವತ್ತು ಅರ್ಥವಾಯಿತು. ಸಿನಿಮಾಕ್ಕೆ ನಿಂತು ಕಾಯಲು ಬರುವುದಿಲ್ಲ, ಬಿಡುವನ್ನು ಮೊದಲೇ ಕೂರಿಸಬೇಕು. ನನಗೆ ಕಾಯಲು ಬರುತ್ತದೆ. ಈಗ "ಹಾಸಿಗೆ ಮೇಲೆ" ಅಂದು ನಿಂತುಕೊಳ್ಳುತ್ತೇನೆ. ನಗೆ ಅರ್ಧಕ್ಕೆ ಇಳಿಯುವವರೆಗೆ ಡಾಕ್ಟರ ಮುಖ ಮಾಡಿಕೊಂಡು ಸುಮ್ಮನಿರುತ್ತೇನೆ. ಆಮೇಲೆ, ಸ್ವಲ್ಪ ಮೆಲ್ಲಗೆ, "ಸೊಳ್ಳೆ."